ಮಳೆಯ ಮಿಲಿಮೀಟರೂ ಮಾಡಿನ ಲೀಟರೂ



ಮಳೆಗಾಲದ ದಿನಗಳಲ್ಲಿ ಹುಣಸೂರಿನಲ್ಲಿ ಇಷ್ಟು ಮಿಲಿಮೀಟರು, ಪಿರಿಯಾಪಟ್ಟಣದಲ್ಲಿ ಅಷ್ಟು ಮಿಲಿಮೀಟರು ಮಳೆಯಾಯಿತೆಂದು ವೃತ್ತಪತ್ರಿಕೆಗಳಲ್ಲಿ ಓದುವೆವಷ್ಟೆ. ಬೇಸಾಯಗಾರರು ಇದನ್ನು ಲಕ್ಷಿಸದೆ, ಹದ ಮಳೆಯಾಯಿತೇ ಇಲ್ಲವೇ ಎಂದು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ ತಿಳಿದುಕೊಳ್ಳುವರು. ಮನೆಯಲ್ಲಿ ನೀರು ಹಿಡಿಯುವ ಹೆಂಗಸಿಗಾದರೋ ಬೇಕಾದ ಲೆಕ್ಕವು ಹದವೂ ಅಲ್ಲ, ಮಿಲಿಮೀಟರೂ ಅಲ್ಲ. ಎಷ್ಟು ಕೊಡ ಎಂಬುದೇ. ಇವೆರಡರ ನಡುವೆ ಇರುವ ಸೇತುವೆಯು ಬಹು ಚಿಕ್ಕದು. ಆದರೂ ಅದನ್ನು ದಾಟುವಾಗ ಜಾರಿ ಬಿದ್ದು ಹಣ ಕಳೆದುಕೊಂಡವರುಂಟು.

ಹುಣಸೂರು ತಾಲ್ಲೂಕಿನ ಒಂದು ಗ್ರಾಮದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ವಿಷಯವಾಗಿ ನನಗೆ ಬರೆದಿದ್ದಳು. ಬೇಸಗೆಯಲ್ಲಿ ಕುಡಿಯುವ ನೀರಿಗೆ ಕಷ್ಟವಾಗುವುದರಿಂದ, ಮಾಡಿನ ನೀರನ್ನು ಹಿಡಿದಿಡಲು ತೊಟ್ಟಿ ಕಟ್ಟಿಸಬೇಕೆಂದು ಅವಳ ಇಚ್ಛೆ. ಮೇಸ್ತ್ರಿಯು 10,000 ಲೀಟರಿನ ತೊಟ್ಟಿಯೇ ಆಗಬೇಕೆನ್ನುವನು. ಹಾಗಾದರೆ ಸಾಲ ಮಾಡಬೇಕಾದೀತೆಂದು ಅತ್ತೆಯವರು ಹಿಂಜರಿಯುವರು. “ಅಮ್ಮಾವರೇ, ನಮ್ಮ ಮಾಡಿನಿಂದ ನಿಜವಾಗಿ ಎಷ್ಟು ನೀರು ಬರುವುದು? ಎಷ್ಟು ದೊಡ್ಡ ತೊಟ್ಟಿ ಬೇಕು?” ಎಂದು ಕೇಳಿದ್ದಳು. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿರುವೆನು.

ಮೊದಲು ಮಿಲಿಮೀಟರೆಂದರೆ ಏನೆಂಬುದನ್ನು ತಿಳಿಯಬೇಕು. 18 ಮಿಲಿಮೀಟರು ಮಳೆಯಾಯಿತೆಂದರೆ, ಬಿದ್ದ ನೀರು ಎತ್ತಲೂ ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತಿದ್ದರೆ ನೆಲದ ಮೇಲೆ 18 ಮಿಲಿಮೀಟರು ದಪ್ಪದ ನೀರಿನ ಪದರವಿರುತ್ತಿತ್ತೆಂದು ಅರ್ಥ. ಹಾಗಾದರೆ ಮಿಲಿಮೀಟರು ಆಳದ ಅಳತೆಯೇ ಹೊರತು ನೀರಿನ ಮೊತ್ತದ ಅಳತೆಯಲ್ಲ. ಮೊತ್ತವು ಬೇಕಾದರೆ ಆ ಪದರವು ಎಷ್ಟು ಅಗಲಕ್ಕೆ ಹಾಸಿದೆಯೆಂಬುದನ್ನೂ ಹೇಳಬೇಕು.

ಒಂದು ಲೀಟರು ನೀರನ್ನು 10 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲ, 10 ಸೆಂಟಿಮೀಟರು ಎತ್ತರವುಳ್ಳ ಒಂದು ಗಟ್ಟಿಯೆಂದು ಭಾವಿಸಿರಿ. ಮೈಸೂರುಪಾಕನ್ನು ಕುಯ್ಯುವಂತೆ ಆ ಗಟ್ಟಿಯನ್ನು ಅಡ್ಡಲಾಗಿ 1 ಮಿಲಿಮೀಟರು ದಪ್ಪದ ಬಿಲ್ಲೆಗಳನ್ನಾಗಿ ಕುಯ್ಯಿರಿ. ಎತ್ತರವು 100 ಮಿಲಿಮೀಟರು ಇರುವುದರಿಂದ ನೂರು ಬಿಲ್ಲೆಗಳಾಗುವುವು. ಈಗ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವನ್ನು ನೆಲದ ಮೇಲೆ ಬರೆದು, ಬಿಲ್ಲೆಗಳನ್ನು ಸಾಲಿಗೆ ಹತ್ತರಂತೆ ಹತ್ತು ಸಾಲು ಜೋಡಿಸಿರಿ. ಚೌಕವು ಸರಿಯಾಗಿ ತುಂಬುವುದು. ಒಂದು ಬಿಲ್ಲೆಯೂ ಉಳಿಯದು, ಒಂದೂ ಸಾಲದೆ ಹೋಗದು. ಎಂದರೆ ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯು ಸರಿಯಾಗಿ ಒಂದು ಲೀಟರು. ಆದುದರಿಂದ ಮಾಡಿನ ಚದರ ಮೀಟರುಗಳನ್ನು ಮಳೆಯ ಮಿಲಿಮೀಟರುಗಳಿಂದ ಗುಣಿಸಿದರೆ ಬರುವ ಸಂಖ್ಯೆಯೇ ಲೀಟರು. ಸೊನ್ನೆ ಸೇರಿಸುವುದಾಗಲಿ ಬಿಂದು ಸರಿಸುವುದಾಗಲಿ ಬೇಕಿಲ್ಲ.

ನಮ್ಮ ಹಿರಿಯರು ಕಲಿತ ಲೆಕ್ಕದಲ್ಲಿ ಈ ಸೌಕರ್ಯವಿರಲಿಲ್ಲ. ಮಳೆಯನ್ನು ಅಂಗುಲದಲ್ಲಿಯೂ, ನೆಲವನ್ನು ಅಡಿಯಲ್ಲಿಯೂ, ನೀರನ್ನು ಗ್ಯಾಲನಿನಲ್ಲಿಯೂ ಅಳೆಯುತ್ತಿದ್ದ ಕಾಲದಲ್ಲಿ, ಒಂದು ಚದರಡಿಯ ಮೇಲೆ ಒಂದಂಗುಲ ಮಳೆಯೆಂದರೆ ಅರ್ಧ ಗ್ಯಾಲನಿಗಿಂತ ಸ್ವಲ್ಪ ಹೆಚ್ಚು ಎಂದು ಬಾಯಿಪಾಠ ಮಾಡಬೇಕಾಗಿದ್ದಿತು. 1956ರ ತೂಕ ಅಳತೆಗಳ ಕಾನೂನಿನಿಂದ ನಮ್ಮ ದೇಶಕ್ಕೆ ದಶಮಾನ ಪದ್ಧತಿಯು ಬಂದಿತು. ಆದರೂ ಮನೆ ಕಟ್ಟುವವರ ಬಾಯಲ್ಲಿ ಅಡಿಯೇ ಇಂದಿಗೂ ಉಳಿದಿದೆ. ಇಲ್ಲಿಯೇ ಮೊದಲನೆಯ ಜಾರುವಿಕೆ. 600 ಚದರಡಿಯ ಮಾಡನ್ನು ಚದರ ಮೀಟರಿಗೆ ತರಲು ಹಲವರು, ಮೀಟರಿಗೆ 3.28 ಅಡಿಯೆಂಬುದನ್ನು ನೆನೆದು ಆ ಸಂಖ್ಯೆಯಿಂದಲೇ ಭಾಗಿಸಿ, 183 ಚದರ ಮೀಟರೆನ್ನುವರು. ಚದರವಾದುದರಿಂದ 3.28ನ್ನು ಅದರಿಂದಲೇ ಗುಣಿಸಿ, 10.76ರಿಂದ ಭಾಗಿಸತಕ್ಕದ್ದು. ಹಾಗೆ ಮಾಡಿದರೆ ಬರುವುದು 56 ಚದರ ಮೀಟರಿಗೆ ತುಸು ಕಡಿಮೆ. ಮೂರು ಪಾಲಿಗಿಂತಲೂ ಹೆಚ್ಚಿನ ಈ ಅಂತರವು ತೊಟ್ಟಿಯ ಇಟ್ಟಿಗೆ ಗಾರೆಗಳಲ್ಲಿ ತನ್ನ ಬೆಲೆಯನ್ನು ತೋರಿಸುವುದು. ಟೇಪನ್ನು ಮೊದಲೇ ಮೀಟರಿನ ಕಡೆಗೆ ತಿರುಗಿಸಿ ಹಿಡಿಯುವುದು ಉತ್ತಮ.

ಇನ್ನು ಅಳೆಯಬೇಕಾದ ಮಾಡು ಯಾವುದು? ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಮಂಗಳೂರು ಹೆಂಚಿನ ಇಳಿಜಾರು ಮಾಡುಗಳುಂಟು. (1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು, ಆ ಹೆಂಚು ಘಟ್ಟವನ್ನು ಹತ್ತಿ ನಮ್ಮ ಸೀಮೆಗೂ ಬಂದಿತು.) ಹೆಂಚಿನ ಮೇಲೆ ಹತ್ತಿ ಇಳಿಜಾರಿನ ಉದ್ದವನ್ನು ಅಳೆಯುವವರಿದ್ದಾರೆ. ಇದು ಅಪಾಯವೂ ಹೌದು, ತಪ್ಪೂ ಹೌದು. ಮಳೆಯು ಮೇಲಿನಿಂದ ಬೀಳುವುದರಿಂದ ಮಾಡು ನೆಲದ ಎಷ್ಟು ಜಾಗವನ್ನು ಮರೆಮಾಡುವುದೋ ಅಷ್ಟೇ ಮಳೆಯನ್ನು ಅದು ಹಿಡಿಯಬಲ್ಲುದು. ನಡುಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲಿರುವಾಗ ಮಾಡಿನ ನೆರಳು ಎಷ್ಟು ಅಗಲವೋ ಅದೇ ಲೆಕ್ಕದ ಅಗಲ. ಕಡಿದಾದ ಮಾಡಿಗೆ ಹೆಂಚು ಹೆಚ್ಚು ಬೇಕಾಗುವುದೇ ಹೊರತು ಅದಕ್ಕೆ ಮಳೆಯು ಹೆಚ್ಚಾಗಿ ಸಿಕ್ಕುವುದಿಲ್ಲ. ಮಾಡಿನ ಓಟವು 30 ಡಿಗ್ರಿಯಷ್ಟಿದ್ದರೆ ಇಳಿಜಾರನ್ನು ಅಳೆದವರ ಲೆಕ್ಕವು ನೂರಕ್ಕೆ ಹದಿನೈದರಷ್ಟು ಹೆಚ್ಚಾಗುವುದು. ಆದುದರಿಂದ ನೆಲದ ಮೇಲೆಯೇ ನಿಂತು, ಒಂದು ಸೂರಿನ ತುದಿಯ ಕೆಳಗಿನಿಂದ ಎದುರು ಸೂರಿನ ತುದಿಯ ಕೆಳಗಿನವರೆಗೆ ಟೇಪು ಹಿಡಿದರೆ ಸಾಕು. ಗೋಡೆಯಿಂದ ಗೋಡೆಗೆ ಅಳೆದರೆ ಸೂರಿನ ಚಾಚು ಬಿಟ್ಟುಹೋಗುವುದು. ತೊಟ್ಟಿಮನೆಯಲ್ಲಿ ವಾಸಿಸುವವರು ನಡುವಿನ ತೆರೆದ ಅಂಗಳವನ್ನು ಕಳೆಯತಕ್ಕದ್ದು; ಅಲ್ಲದೆ ಒಳಕ್ಕೆ ಬಾಗಿದ ಮಾಡಿನ ನೀರು ಒಂದು ಕಡೆಗೂ ಹೊರಕ್ಕೆ ಬಾಗಿದುದರ ನೀರು ಇನ್ನೊಂದು ಕಡೆಗೂ ಹೋಗುವುದರಿಂದ ಅವೆರಡನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು.

ನಮ್ಮ ವಿದ್ಯಾರ್ಥಿನಿಯ ಮನೆಯು ಸರಳವಾದುದು. ನೆತ್ತಿಯಿಂದ ಎರಡು ಕಡೆಗೆ ಇಳಿದ ಹೆಂಚಿನ ಮಾಡು. ಸೂರು ಸೇರಿ ಉದ್ದ 9 ಮೀಟರು, ಅಗಲ 6 ಮೀಟರು. ಕ್ಷೇತ್ರಫಲ 54 ಚದರ ಮೀಟರು. ಆ ಮಾಡಿನ ಮೇಲೆ ಮಿಲಿಮೀಟರೊಂದಕ್ಕೆ 54 ಲೀಟರು ಬೀಳುವುದು. 15 ಲೀಟರಿನ ಕೊಡದಲ್ಲಿ ಅಳೆದರೆ ಮೂರೂವರೆ ಕೊಡಕ್ಕಿಂತ ಹೆಚ್ಚು.

ಆದರೆ ಬಿದ್ದುದೆಲ್ಲವೂ ತೊಟ್ಟಿಗೆ ಬರುವುದಿಲ್ಲ. ಒಣಗಿದ ಹೆಂಚು ಮೊದಲು ತಾನೇ ಕುಡಿಯುವುದು. ಸ್ವಲ್ಪ ನೀರು ಹೆಂಚಿನ ಸಂದುಗಳಲ್ಲಿ ನಿಲ್ಲುವುದು, ಸ್ವಲ್ಪ ಗಾಳಿಗೆ ಸಿಡಿದು ಹೋಗುವುದು. ಅಲ್ಲದೆ ಮೊದಲ ಒಂದೆರಡು ಮಿಲಿಮೀಟರು ನೀರು ಮಾಡಿನ ಧೂಳು, ಎಲೆ, ಹಕ್ಕಿಯ ಹಿಕ್ಕೆಗಳನ್ನು ತೊಳೆದುಕೊಂಡು ಬರುವುದರಿಂದ ಅದನ್ನು ನಾವೇ ಹೊರಕ್ಕೆ ಬಿಡಬೇಕು. ಮೇಲಿನ ಸೂತ್ರವು ಇಲ್ಲಿಯೂ ಕೆಲಸಕ್ಕೆ ಬರುವುದು: ಒಂದು ಮಿಲಿಮೀಟರನ್ನು ಬಿಡಬೇಕೆಂದರೆ ಈ ಮನೆಯಲ್ಲಿ 54 ಲೀಟರು ಹಿಡಿಯುವ ಪೀಪಾಯಿಯನ್ನು ಕೊಳವೆಯ ದಾರಿಯಲ್ಲಿಟ್ಟು, ಅದು ತುಂಬಿದ ಮೇಲೆಯೇ ನೀರು ತೊಟ್ಟಿಗೆ ಹೋಗುವಂತೆ ಮಾಡಬೇಕು. ಈ ನಷ್ಟಗಳಿಗಾಗಿ ಹೆಂಚಿನ ಮಾಡಿಗೆ ಹತ್ತರಲ್ಲಿ ಎರಡು ಪಾಲನ್ನು ಕಳೆದು ಎಂಟು ಪಾಲನ್ನು ಹಿಡಿಯುವುದು ವಾಡಿಕೆ. ತಗಡಿನ ಮಾಡಿನಲ್ಲಿ ನಷ್ಟವು ಇದಕ್ಕಿಂತ ಕಡಿಮೆ. ನೀರು ನಿಲ್ಲುವ ಒರಟು ತಾರಸಿಯಲ್ಲಿ ಹೆಚ್ಚು. ಹಾಗಾಗಿ ನಮ್ಮ ಹೆಂಚಿನ ಮನೆಗೆ ಮಿಲಿಮೀಟರೊಂದಕ್ಕೆ ಕೈಗೆ ಸಿಕ್ಕುವುದು ಸುಮಾರು 43 ಲೀಟರು. ಆದರೆ ಎಂಟು ಪಾಲೆಂಬುದು ಇಡೀ ಋತುವಿನ ಸರಾಸರಿಯೆಂಬುದನ್ನು ಮರೆಯಬಾರದು. ಎರಡು ಮಿಲಿಮೀಟರಿನ ಸೋನೆಮಳೆಯು ತೊಟ್ಟಿಗೆ ಏನನ್ನೂ ತಾರದೆ ಹೋಗಬಹುದು. ಜಡಿಮಳೆ ಹಿಡಿದು ಹೆಂಚು ನೆನೆದೇ ಇರುವ ದಿನಗಳಲ್ಲಿ ಎಂಟು ಪಾಲಿಗಿಂತ ಹೆಚ್ಚೂ ಬರಬಹುದು.

ಮಳೆಯ ಅಂಕಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂಬುದು ಮುಂದಿನ ಪ್ರಶ್ನೆ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಾಪಕವನ್ನು ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ತಾರೀಖಿನಲ್ಲಿ ಬರೆಯುವರು. ಆದುದರಿಂದ ಹತ್ತನೆಯ ತಾರೀಖಿನ ಸಂಜೆ ಸುರಿದ ಮಳೆಯು ಹನ್ನೊಂದನೆಯ ತಾರೀಖಿನ ಅಂಕಿಯಲ್ಲಿರುವುದು. ಇದಲ್ಲದೆ ಏಪ್ರಿಲ್ ಮೇ ತಿಂಗಳುಗಳ ಗುಡುಗಿನ ಮಳೆಯು ಒಂದು ಊರನ್ನು ತೋಯಿಸಿ ಪಕ್ಕದ ಊರನ್ನು ಒಣಗಿಯೇ ಬಿಟ್ಟು ಹೋಗುವುದನ್ನು ನಾವೆಲ್ಲರೂ ಕಂಡಿರುವೆವು. ಹೀಗಿರುವಲ್ಲಿ ತಾಲ್ಲೂಕು ಕೇಂದ್ರದ ಅಂಕಿಯನ್ನು ನಮ್ಮ ಮಾಡಿಗೆ ಹಚ್ಚಿದರೆ ಲೆಕ್ಕವು ಕೂಡದು. ಮನೆಯಲ್ಲಿಯೇ ಮಳೆಯನ್ನು ಅಳೆಯುವುದು ಕಷ್ಟವೇನೂ ಅಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿಯೊಂದನ್ನು ಮರದಿಂದಲೂ ಗೋಡೆಯಿಂದಲೂ ದೂರವಾಗಿ ಬಯಲಿನಲ್ಲಿಟ್ಟು, ಬೆಳಿಗ್ಗೆ ಅಳತೆಪಟ್ಟಿಯಿಂದ ನೀರಿನ ಆಳವನ್ನು ನೋಡಿದರಾಯಿತು. ಡಬ್ಬಿಯ ಬಾಯಿ ದೊಡ್ಡದೋ ಚಿಕ್ಕದೋ ಎಂಬ ಚಿಂತೆ ಬೇಡ. ದೊಡ್ಡ ಬಾಯಿಯು ಹೆಚ್ಚು ನೀರನ್ನು ಹಿಡಿದರೂ ಅದನ್ನು ಹೆಚ್ಚು ಅಗಲಕ್ಕೆ ಹಾಸುವುದರಿಂದ ಆಳವು ಒಂದೇ. ಆದರೆ ಬಕೆಟ್ಟು ಕೂಡದು. ಅದರ ಬಾಯಿ ಅಗಲ, ಬುಡ ಕಿರಿದು. ಅಗಲವಾದ ಬಾಯಿಯಿಂದ ಬಂದ ನೀರು ಕಿರಿದಾದ ಬುಡದಲ್ಲಿ ಸೇರಿ, ಇದ್ದುದಕ್ಕಿಂತ ಹೆಚ್ಚು ಆಳವನ್ನು ತೋರಿಸುವುದು.

ಈಗ ತೊಟ್ಟಿಯ ವಿಷಯ. 1 ಮೀಟರು ಆಳವೆಂದಿಟ್ಟುಕೊಂಡು ನಾನು ಅವಳಿಗೆ ಸೂಚಿಸಿದ್ದು 2 ಮೀಟರು ಉದ್ದ, ಒಂದೂವರೆ ಮೀಟರು ಅಗಲದ ತೊಟ್ಟಿ. ತಳವು 3 ಚದರ ಮೀಟರು, ಹಿಡಿತವು 3,000 ಲೀಟರು. ಮೇಸ್ತ್ರಿಯು ಹೇಳಿದುದಕ್ಕಿಂತ ಇಷ್ಟು ಕಡಿಮೆಯೇಕೆಂದು ಅವಳಿಗೆ ಆಶ್ಚರ್ಯವಾಗಿತ್ತು. ಕಾರಣವು ಹೀಗಿದೆ. ಮನೆಯಲ್ಲಿ ಐದು ಜನ. ಕುಡಿಯುವುದಕ್ಕೂ ಅಡಿಗೆಗೂ ಒಬ್ಬರಿಗೆ 4 ಲೀಟರಿನಂತೆ ದಿನಕ್ಕೆ 20 ಲೀಟರು ಬೇಕು. ಸ್ವಾತಿ ಮಳೆಯು ಮುಗಿದು ನವೆಂಬರ್ ಕಳೆದ ಮೇಲೆ ಮುಂಗಾರಿನ ಮೊದಲ ಗುಡುಗಿನವರೆಗೆ ಸುಮಾರು 120 ದಿನ ಮಳೆಯನ್ನು ನಂಬುವಂತಿಲ್ಲ. 20ನ್ನು 120ರಿಂದ ಗುಣಿಸಿದರೆ 2,400 ಲೀಟರು. ಇದನ್ನು ಮಿಲಿಮೀಟರಿಗೆ 43 ಲೀಟರಿನಂತೆ ಭಾಗಿಸಿದರೆ ಸುಮಾರು 56 ಮಿಲಿಮೀಟರು. ಸಾಧಾರಣವಾದ ವರ್ಷದಲ್ಲಿ ಅಕ್ಟೋಬರ್ ತಿಂಗಳೊಂದೇ ಇದಕ್ಕಿಂತ ಹೆಚ್ಚು ಮಳೆಯನ್ನು ಕೊಡುವುದು.

ಸ್ನಾನ, ಪಾತ್ರೆ, ಬಟ್ಟೆ ಎಲ್ಲವನ್ನೂ ಮಾಡಿನ ನೀರಿನಿಂದಲೇ ನಡಿಸುವುದಾದರೆ ಲೆಕ್ಕವು ಬೇರೆಯಾಗುವುದು. ಗ್ರಾಮಗಳಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರು ಬೇಕೆಂದು ಜಲಜೀವನ ಯೋಜನೆಯವರು ಗೊತ್ತುಮಾಡಿರುವರು. ಅದರಂತೆ ಐದು ಜನರಿಗೆ 275 ಲೀಟರು. 120 ದಿನಕ್ಕೆ 33,000 ಲೀಟರು. ಇನ್ನು ವರ್ಷದ ಮಳೆಯನ್ನು 800 ಮಿಲಿಮೀಟರೆಂದು ಇಟ್ಟುಕೊಂಡರೂ ಈ ಮಾಡಿನಿಂದ ವರ್ಷವಿಡೀ ಬರುವುದು 34,500 ಲೀಟರಿನಷ್ಟು. ಎಂದರೆ ಒಂದು ವರ್ಷದ ಎಲ್ಲಾ ನೀರನ್ನೂ ಒಂದು ತೊಟ್ಟು ಮುಟ್ಟದೆ ಕೂಡಿಟ್ಟರೆ ನಾಲ್ಕು ತಿಂಗಳ ಸಂಸಾರ ಸಾಗುವುದು. ಇದು ಆಗತಕ್ಕ ಮಾತಲ್ಲ. 10,000 ಲೀಟರಿನ ತೊಟ್ಟಿಯು ಈ ಎರಡು ಲೆಕ್ಕಗಳಲ್ಲಿ ಯಾವುದಕ್ಕೂ ಸೇರದು. ಕುಡಿಯುವುದಕ್ಕೆ ಬೇಕಾದುದಕ್ಕಿಂತ ನಾಲ್ಕು ಪಾಲು, ಎಲ್ಲಾ ಕೆಲಸಕ್ಕೂ ಬೇಕಾದುದರಲ್ಲಿ ಮೂರರಲ್ಲೊಂದು ಪಾಲೂ ಇಲ್ಲ. ಸಾಲದ ಹಣವು ಈ ನಡುವಿನ ಗುಂಡಿಗೆ ಬೀಳುವುದನ್ನು ನಾನು ಒಪ್ಪಲಾರೆ. ವರ್ಷದ ಮಳೆಯನ್ನು ಮಾಡಿನಿಂದ ಗುಣಿಸಿ ದೊಡ್ಡ ಸಂಖ್ಯೆಯೊಂದನ್ನು ಕಂಡು ಹಿಗ್ಗುವವರು, ಆ ನೀರು ಒಂದೇ ಸಲ ಬಾರದೆಂಬುದನ್ನೂ ತೊಟ್ಟಿ ತುಂಬಿದ ಮೇಲೆ ಬಂದುದು ಹರಿದುಹೋಗುವುದೆಂಬುದನ್ನೂ ಮರೆಯುವರು.

ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಒಂದೇ ಸಮನಾಗಿಲ್ಲ. ಕೊಡಗಿಗೆ ತಗುಲಿದ ಪಿರಿಯಾಪಟ್ಟಣದ ಪಡುವಣ ಭಾಗಕ್ಕೂ ಕಬಿನಿಯ ಮೇಲ್ಭಾಗದ ಹೆಗ್ಗಡದೇವನಕೋಟೆಯ ಕಾಡಂಚಿಗೂ ಜೂನ್ ಜುಲೈ ತಿಂಗಳುಗಳಲ್ಲಿ ಹೆಚ್ಚಾಗಿ ಸುರಿದು, ಮೂಡಲಿಗೆ ಕೃಷ್ಣರಾಜನಗರದ ಬಯಲಿಗೆ ಬರುವಷ್ಟರಲ್ಲಿ ಇಳಿದುಹೋಗುವುದು. ವರ್ಷಕ್ಕೆ 100 ಮಿಲಿಮೀಟರಿನ ವ್ಯತ್ಯಾಸವೆಂದರೆ ನಮ್ಮ ಲೆಕ್ಕದ ಮಾಡಿಗೆ 4,300 ಲೀಟರಿನಷ್ಟು. ಆದರೆ ಕುಡಿಯುವ ನೀರಿನ ತೊಟ್ಟಿಗೆ ಈ ವ್ಯತ್ಯಾಸವು ಅಷ್ಟಾಗಿ ತಟ್ಟದು. ಜುಲೈಯಲ್ಲಿ ತುಂಬಿದ ತೊಟ್ಟಿಯು ಮತ್ತೆಷ್ಟು ಸುರಿದರೂ ತುಂಬಿಯೇ ಇರುವುದು. ತಟ್ಟುವುದು ಕೊನೆಯ ಮಳೆಯ ತಪ್ಪುವಿಕೆ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಿದ 2023ರಂತಹ ವರ್ಷದಲ್ಲಿ, ಅಕ್ಟೋಬರಿನಲ್ಲಿ ತುಂಬಿಕೊಳ್ಳೋಣವೆಂದು ಆಗಸ್ಟಿನಲ್ಲಿ ತೊಟ್ಟಿಯನ್ನು ಬರಿದು ಮಾಡಿಕೊಂಡವರು ಕಷ್ಟಕ್ಕೆ ಸಿಕ್ಕುವರು. ಸೆಪ್ಟೆಂಬರ್ ಬಂದ ಮೇಲೆ ಮಳೆ ಬಿದ್ದ ಮಾರನೆಯ ದಿನ ತುಂಬಿಕೊಳ್ಳುವಷ್ಟನ್ನೇ ತೆಗೆಯುವುದು ಲೇಸು. ಕುಡಿಯುವ ನೀರನ್ನು ಶೋಧಿಸಿ ಕಾಯಿಸಿ ಆರಿಸಬೇಕೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಮತ್ತೆ ಹೇಳಬೇಕಾಗಿಲ್ಲ.

ತೊಟ್ಟಿಯನ್ನು ಕಟ್ಟಿದ ಮೇಲೆ ಲೆಕ್ಕವು ಸರಿಯೇ ಎಂದು ನೋಡುವ ಬಗೆಯುಂಟು. ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ಸೆಂಟಿಮೀಟರಿನ ಗೆರೆಗಳನ್ನು ಬಣ್ಣದಿಂದ ಬರೆಯಿಸಬೇಕು. ತಳವು 3 ಚದರ ಮೀಟರಾದುದರಿಂದ ಒಂದು ಸೆಂಟಿಮೀಟರಿನ ಏರಿಕೆಗೆ 30 ಲೀಟರು. ಅವಳ ತೊಟ್ಟಿಯು ಮುಗಿದ ಮೇಲೆ ಬಿದ್ದ ಮೊದಲನೆಯ ಒಳ್ಳೆಯ ಮಳೆಯು ಡಬ್ಬಿಯಲ್ಲಿ 18 ಮಿಲಿಮೀಟರು ಇದ್ದಿತು. 54ನ್ನು 18ರಿಂದ ಗುಣಿಸಿದರೆ 972. ಎಂಟು ಪಾಲಿಗೆ 778 ಲೀಟರು. ತೊಟ್ಟಿಯು 26 ಸೆಂಟಿಮೀಟರು ಏರಬೇಕು. ಏರಿದ್ದು 13. ಹೆಂಚು ಕುಡಿಯಿತೆಂದು ಮನೆಯವರೆಂದರು. ಆದರೆ ಹೆಂಚು ಅಷ್ಟೊಂದು ಕುಡಿಯಲಾರದು. ಬರಬೇಕಾದುದರಲ್ಲಿ ಸರಿಯಾಗಿ ಅರ್ಧವೇ ಬಂದುದರಿಂದ ಕಾರಣವನ್ನು ಊಹಿಸುವುದು ಸುಲಭವಾಯಿತು. ಹೋಗಿ ನೋಡಲಾಗಿ, ಹಿತ್ತಲ ಕಡೆಯ ಸೂರಿನ ತಗಡಿನ ದೋಣಿಯು ಕೊಳವೆಯಿದ್ದ ತುದಿಗೆ ಬಾಗುವ ಬದಲು ಎದುರು ತುದಿಗೆ ಬಾಗಿ, ಅರ್ಧ ಮಾಡಿನ ನೀರನ್ನು ಬಾಳೆಗಿಡಗಳ ಬುಡಕ್ಕೆ ಸುರಿಯುತ್ತಿದ್ದಿತು. ದೋಣಿಯನ್ನು ಸರಿಯಾಗಿ ಕಟ್ಟಿದ ಮೇಲೆ ಮುಂದಿನ ಮಳೆಗೆ ಲೆಕ್ಕವು ಕೂಡಿತು.

ಕೊರತೆಯು ತೋರುವ ಬಗೆಯಿಂದಲೇ ಅದರ ಕಾರಣವನ್ನು ತಿಳಿಯಬಹುದು. ಸಣ್ಣ ಮಳೆ, ದೊಡ್ಡ ಮಳೆ ಎಲ್ಲದರಲ್ಲಿಯೂ ಒಂದೇ ಪ್ರಮಾಣದಲ್ಲಿ ಕಡಿಮೆಯಾದರೆ ಮಾಡಿನ ಒಂದು ಭಾಗವು ತೊಟ್ಟಿಗೆ ಸೇರಿಲ್ಲ. ಮಳೆಯೂ ಇಲ್ಲದೆ ಯಾರೂ ಮುಟ್ಟದೆ ರಾತ್ರಿಯಲ್ಲಿ ನೀರು ಗೆರೆಯಿಂದ ಇಳಿದರೆ ತೊಟ್ಟಿಯೇ ಸೋರುತ್ತಿರುವುದು. ಮಾಡಿನ ಮೇಲೆ ಬಿದ್ದುದಕ್ಕಿಂತಲೂ ಹೆಚ್ಚಾಗಿ ತೊಟ್ಟಿಗೆ ಬಂದರೆ ಸಂತೋಷಪಡಬೇಡಿರಿ. ಅಳತೆಯು ತಪ್ಪಿರಬೇಕು, ಇಲ್ಲವೇ ನೆಲದ ಮೇಲಿನ ಕೊಳೆನೀರು ಒಳಕ್ಕೆ ನುಗ್ಗುತ್ತಿರಬೇಕು.

ಭಾರಿ ಮಳೆಯಲ್ಲಿ ಮಾತ್ರ ಕೊರತೆಯು ಕಂಡರೆ ದೋಣಿಯು ಸಾಲದೆಂದು ಅರ್ಥ. ಏಪ್ರಿಲ್ ಮೇ ತಿಂಗಳುಗಳ ಗುಡುಗಿನ ಮಳೆಯು ಜೋರಾಗಿ ಸುರಿವಾಗ ನಿಮಿಷಕ್ಕೆ ಒಂದು ಮಿಲಿಮೀಟರಿನಷ್ಟು ಬೀಳುವುದುಂಟು. ಆಗ ಈ ಮಾಡಿನ ಮೇಲೆ ನಿಮಿಷಕ್ಕೆ 54 ಲೀಟರು. ಎರಡು ಸೂರಿನ ದೋಣಿಗಳಲ್ಲಿ ಒಂದೊಂದಕ್ಕೆ 27 ಲೀಟರು. ಎಂದರೆ ಎರಡು ಕೊಡಕ್ಕೆ ಸ್ವಲ್ಪ ಕಡಿಮೆಯಾದ ನೀರು ಪ್ರತಿ ನಿಮಿಷವೂ ಒಂದು ದೋಣಿಯ ತುದಿಯನ್ನು ದಾಟಬೇಕು. ದೋಣಿಯು ಆಳವಿಲ್ಲದಿದ್ದರೆ, ಅಥವಾ ಒಣ ಎಲೆಯೊಂದು ಕೊಳವೆಯ ಬಾಯಿಗೆ ಅಡ್ಡಲಾದರೆ, ನೀರು ಅಂಚನ್ನು ಮೀರಿ ಅಂಗಳಕ್ಕೆ ಬೀಳುವುದು. ಆದುದರಿಂದ ಯುಗಾದಿಯ ಹೊತ್ತಿಗೆ ಯಾರಾದರೂ ಗಂಡಾಳನ್ನು ಏಣಿ ಹತ್ತಿಸಿ ದೋಣಿಗಳನ್ನು ಬಳಿಸಿ, ಕೊಡದಲ್ಲಿ ನೀರು ಸುರಿದು, ಅದು ಯಾವ ತುದಿಗೆ ಓಡುವುದೆಂದು ಕೆಳಗೆ ನಿಂತು ನೋಡಿಕೊಳ್ಳಬೇಕು.